ಟೈಮ್‌ಟೇಬಲ್‌ನಲ್ಲಿ ಕ್ಲ್ಯಾಶ್ ಹಿಡಿಯುವುದು ಹೇಗೆ: ಒಂದು ಹಾಳೆ, ಎರಡು ಸಂಕೇತ, ಕೆಲವು ಸೂತ್ರ

ಶಾಲೆಯ ಟೈಮ್‌ಟೇಬಲನ್ನು ಸಾಮಾನ್ಯವಾಗಿ ತರಗತಿಗೊಂದು ಚೌಕದ ಹಾಳೆ ಮಾಡಿ ಬರೆಯುತ್ತಾರೆ. ಎಡಗಡೆ ದಿನಗಳು, ಮೇಲುಗಡೆ ಪೀರಿಯಡ್‌ಗಳು, ನಡುವಿನ ಒಂದೊಂದು ಮನೆಯಲ್ಲಿ ವಿಷಯ ಮತ್ತು ಶಿಕ್ಷಕರ ಹೆಸರು. ಗೋಡೆಗೆ ಅಂಟಿಸಲು ಇದಕ್ಕಿಂತ ಒಳ್ಳೆಯ ರೂಪವಿಲ್ಲ, ಆದರೆ ತಪ್ಪು ಹುಡುಕಲು ಇದರಷ್ಟು ಕೆಟ್ಟ ರೂಪವೂ ಇಲ್ಲ. ಒಂದು ಮನೆಯಲ್ಲಿ ಒಂದೇ ಪಾಠ ಬರೆಯಲು ಜಾಗ ಇರುವುದರಿಂದ ಆ ತರಗತಿಗೆ ಎರಡು ಪಾಠ ಬೀಳುವ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಪ್ರತಿ ಹಾಳೆಯೂ ನೋಡಲು ಅಚ್ಚುಕಟ್ಟಾಗಿರುತ್ತದೆ. ಗಣಿತದ ಶಿಕ್ಷಕರು ಮಂಗಳವಾರ ಮೂರನೇ ಪೀರಿಯಡ್‌ಗೆ 8ಎ ಹಾಳೆಯಲ್ಲೂ ಇದ್ದಾರೆ, 9ಬಿ ಹಾಳೆಯಲ್ಲೂ ಇದ್ದಾರೆ ಎಂಬುದು ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ ಕಾಣುತ್ತದೆ. ಹತ್ತು ಸೆಕ್ಷನ್ ಇದ್ದರೆ ಹೀಗೆ ಹೋಲಿಸಬೇಕಾದ ಜೋಡಿಗಳು 45.

ಇಂಥ ಕ್ಲ್ಯಾಶ್ ತೋರಿಸುವ ಸಾಧನವನ್ನು ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲೇ ಕಟ್ಟಬಹುದು. ಸೂತ್ರ ಬಹಳ ಚಿಕ್ಕದು. ಕಷ್ಟವಿರುವುದು ಬೇರೆಡೆ: ಹಾಳೆಯ ಒಂದು ಸಾಲು ಏನನ್ನು ಪ್ರತಿನಿಧಿಸುತ್ತದೆ ಎಂಬುದನ್ನು ಮೊದಲೇ ಸರಿಯಾಗಿ ತೀರ್ಮಾನಿಸದಿದ್ದರೆ ಸೂತ್ರ ಇಲ್ಲದ ಕ್ಲ್ಯಾಶ್ ತೋರಿಸುತ್ತದೆ, ಇರುವುದನ್ನು ಮುಚ್ಚಿಡುತ್ತದೆ.

ಚೌಕ ಬಿಟ್ಟು ಸಾಲಿಗೆ

ಮೊದಲ ಕೆಲಸ, ಟೈಮ್‌ಟೇಬಲನ್ನು ಚೌಕದಿಂದ ಬಿಡಿಸಿ ಉದ್ದನೆಯ ಪಟ್ಟಿ ಮಾಡುವುದು. ಒಂದು ತರಗತಿಯ ಒಂದು ಪೀರಿಯಡ್‌ಗೆ ಒಂದು ಸಾಲು. ಕಾಲಂಗಳು ಹೀಗಿರಲಿ: A ದಿನ, B ಪೀರಿಯಡ್, C ತರಗತಿ, D ವಿಷಯ, E ಶಿಕ್ಷಕರು, F ಕೊಠಡಿ. ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಪೀರಿಯಡ್, ಹತ್ತು ಸೆಕ್ಷನ್ ಇದ್ದರೆ 400 ಸಾಲು ಆಗುತ್ತದೆ. ಲ್ಯಾಬ್ ಎರಡು ಪೀರಿಯಡ್ ಸೇರಿಸಿ ನಡೆಯುವುದಾದರೆ ಅದಕ್ಕೆ ಎರಡು ಸಾಲು ಬರೆಯಲೇಬೇಕು. "3-4" ಎಂದು ಒಂದೇ ಸಾಲಿನಲ್ಲಿ ಬರೆದರೆ ನಾಲ್ಕನೇ ಪೀರಿಯಡ್‌ನಲ್ಲಿ ಲ್ಯಾಬ್ ಖಾಲಿ ಇದೆ ಎಂದೇ ಹಾಳೆ ತಿಳಿಯುತ್ತದೆ, ಅಲ್ಲಿ ಇನ್ನೊಂದು ತರಗತಿಯನ್ನು ಕೂರಿಸಿದರೂ ಅದು ಸುಮ್ಮನಿರುತ್ತದೆ.

ಹೀಗೆ ಸಾಲಾಗಿ ಜೋಡಿಸಿದ ಮೇಲೆ ಕ್ಲ್ಯಾಶ್ ಎಂಬುದು ಬರೀ ಎಣಿಕೆ. ಅದೇ ದಿನ, ಅದೇ ಪೀರಿಯಡ್, ಅದೇ ಶಿಕ್ಷಕರು ಇರುವ ಸಾಲುಗಳು ಎಷ್ಟು ಎಂದು ಕೇಳಿದರೆ ಉತ್ತರ ಒಂದೇ ಆಗಿರಬೇಕು. ಎರಡಾದರೆ ಡಬಲ್ ಬುಕಿಂಗ್, ಆ ಸಾಲು ಕೆಂಪಾಗುವಂತೆ ಬಣ್ಣದ ನಿಯಮ ಹಾಕಿಡಿ.

```
=COUNTIFS(A:A,A2,B:B,B2,E:E,E2)>1
```

ಕೊಠಡಿಗೆ ಇದೇ ಸೂತ್ರದಲ್ಲಿ E ಜಾಗಕ್ಕೆ F, ತರಗತಿಗೆ C ಹಾಕಿದರಾಯಿತು. ಪ್ರತಿ ತರಗತಿಗೂ ಸ್ವಂತ ಕೊಠಡಿ ಇರುವ ಶಾಲೆಯಲ್ಲಿ ಕೊಠಡಿ ಕ್ಲ್ಯಾಶ್ ಹೆಚ್ಚಾಗಿ ಲ್ಯಾಬ್, ಕಂಪ್ಯೂಟರ್ ಕೊಠಡಿ, ಗ್ರಂಥಾಲಯ, ಆಟದ ಮೈದಾನದಂಥ ಹಂಚಿಕೊಳ್ಳುವ ಜಾಗಗಳಲ್ಲೇ ಆಗುತ್ತದೆ. ಮೈದಾನವನ್ನೂ ಒಂದು ಕೊಠಡಿ ಎಂದೇ ಬರೆದುಕೊಳ್ಳಿ. ಅಲ್ಲಿ ಒಟ್ಟಿಗೆ ಎರಡು ತರಗತಿ ಆಡಬಹುದಾದರೆ "ಮೈದಾನ1", "ಮೈದಾನ2" ಎಂದು ಎರಡು ಕೊಠಡಿ ಮಾಡಿ.

ಈ ಸೂತ್ರ ನಂಬಿರುವುದು ಅಕ್ಷರಗಳನ್ನು. ಒಬ್ಬರ ಹೆಸರನ್ನು ಒಂದು ಕಡೆ ಇನಿಷಿಯಲ್ ಸಮೇತ, ಇನ್ನೊಂದು ಕಡೆ ಇನಿಷಿಯಲ್ ಬಿಟ್ಟು ಬರೆದರೆ ಅವರು ಇಬ್ಬರಾಗುತ್ತಾರೆ, ಕ್ಲ್ಯಾಶ್ ಮಾಯವಾಗುತ್ತದೆ. ಹೆಸರಿನ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಉಳಿದರೂ ಅಷ್ಟೇ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತೊಡಕಿದೆ: "ಕೋ" ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಲು ಬರುತ್ತದೆ. ಅರ್ಕಾವತ್ತು, ಒತ್ತಕ್ಷರಗಳ ನಡುವೆ ಕಣ್ಣಿಗೆ ಬೀಳದ ಜೋಡಣೆ ಚಿಹ್ನೆಗಳೂ ಕೂತಿರಬಹುದು. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಎರಡು. ಆದ್ದರಿಂದ ಹೆಸರಿನ ಬದಲು ಚುಟುಕು ಸಂಕೇತ ಇಟ್ಟು (ಗಣಿತದ ಮೊದಲ ಶಿಕ್ಷಕರಿಗೆ ಗ1, ವಿಜ್ಞಾನದ ಎರಡನೆಯವರಿಗೆ ವ2), ಅದನ್ನು ಡ್ರಾಪ್‌ಡೌನ್ ಪಟ್ಟಿಯಿಂದ ಮಾತ್ರ ಆರಿಸುವಂತೆ ಮಾಡುವುದು ಕ್ಷೇಮ. ಕೊಠಡಿಗೂ ಬರೀ ಅಂಕಿ ಇಡಬೇಡಿ. COUNTIFS ಸೂತ್ರ "01" ಮತ್ತು "1" ಎರಡನ್ನೂ ಒಂದೇ ಸಂಖ್ಯೆಯೆಂದು ಓದುತ್ತದೆ. ಎರಡು ಕಟ್ಟಡಗಳಲ್ಲಿ ಅಂಥ ನಂಬರಿನ ಬೇರೆ ಬೇರೆ ಕೊಠಡಿಗಳಿದ್ದರೆ ಇಲ್ಲದ ಕ್ಲ್ಯಾಶ್ ಹುಟ್ಟುತ್ತದೆ. ಮುಂದೆ ಒಂದು ಅಕ್ಷರ ಸೇರಿಸಿ "ರೂ11" ಎಂದರೆ ತೊಂದರೆಯಿಲ್ಲ.

ಎಲ್ಲ ಡಬಲ್ ಬುಕಿಂಗೂ ತಪ್ಪಲ್ಲ

ಮೇಲಿನ ಸೂತ್ರವನ್ನು ನಿಜವಾದ ಶಾಲೆಯ ಪಟ್ಟಿಗೆ ಹಾಕಿದ ಕೂಡಲೇ ಹಾಳೆಯ ಅರ್ಧ ಕೆಂಪಾಗುತ್ತದೆ. ಆಟದ ಪೀರಿಯಡ್‌ಗೆ 8ಎ ಮತ್ತು 8ಬಿ ಒಟ್ಟಿಗೆ ಹೋಗುತ್ತವೆ, ಶಿಕ್ಷಕರು ಒಬ್ಬರೇ. ಭಾಷೆಯ ಪೀರಿಯಡ್‌ನಲ್ಲಿ ಇದರ ತಿರುವುಮುರುವು: ಒಂದೇ ತರಗತಿಯ ಮಕ್ಕಳು ತಾವು ಆರಿಸಿಕೊಂಡ ಭಾಷೆಯ ಪ್ರಕಾರ ಬೇರೆ ಬೇರೆ ಕೊಠಡಿಗೆ ಹೋಗುತ್ತಾರೆ. ಇವೆರಡೂ ಬೇಕೆಂದೇ ಮಾಡಿದ ಏರ್ಪಾಡು, ಆದರೆ ಎಣಿಕೆಗೆ ಇವು ಕ್ಲ್ಯಾಶ್‌ಗಳೇ. ದಿನವೂ ಮೂವತ್ತು ಸುಳ್ಳು ಕೆಂಪು ನೋಡಿದವರು ಮೂವತ್ತೊಂದನೆಯ ನಿಜವಾದ ಕೆಂಪನ್ನೂ ಕಣ್ಣೆತ್ತಿ ನೋಡುವುದಿಲ್ಲ.

ಸಾಮಾನ್ಯವಾಗಿ ಹೊಳೆಯುವ ಪರಿಹಾರ, ಒಂದು ಸಂಕೇತದ ಕಾಲಂ ಸೇರಿಸಿ ಒಟ್ಟಿಗೆ ನಡೆಯುವ ಸಾಲುಗಳಿಗೆಲ್ಲ ಒಂದೇ ಸಂಕೇತ ಕೊಡುವುದು, ಸಂಕೇತ ಬೇರೆಯಾದಾಗ ಮಾತ್ರ ಕ್ಲ್ಯಾಶ್ ಎನ್ನುವುದು. ಅರ್ಧ ದಾರಿಯವರೆಗೆ ಇದು ಸರಿ. ಪೂರ್ತಿ ಸರಿ ಯಾಕಲ್ಲ ಎಂಬುದಕ್ಕೆ ಎಂಟನೇ ತರಗತಿಯ ಭಾಷಾ ಪೀರಿಯಡನ್ನೇ ತೆಗೆದುಕೊಳ್ಳೋಣ. 8ಎ ಮತ್ತು 8ಬಿ ಎರಡರ ಮಕ್ಕಳೂ ಬೆರೆತು ಮೂರು ಗುಂಪಾಗುತ್ತಾರೆ. ಪಟ್ಟಿಯಲ್ಲಿ ಆರು ಸಾಲು:

```
ದಿನ  ಪೀ  ತರಗತಿ  ವಿಷಯ   ಶಿ    ಕೊಠಡಿ  ಪಾಠ   ಕಟ್ಟು
ಬುಧ  2   8ಎ    ಭಾಷೆ1  ಭ1   ರೂ11   ಪ31   ಕ7
ಬುಧ  2   8ಬಿ   ಭಾಷೆ1  ಭ1   ರೂ11   ಪ31   ಕ7
ಬುಧ  2   8ಎ    ಭಾಷೆ2  ಭ2   ರೂ12   ಪ32   ಕ7
ಬುಧ  2   8ಬಿ   ಭಾಷೆ2  ಭ2   ರೂ12   ಪ32   ಕ7
ಬುಧ  2   8ಎ    ಭಾಷೆ3  ಭ1   ರೂ13   ಪ33   ಕ7
ಬುಧ  2   8ಬಿ   ಭಾಷೆ3  ಭ3   ರೂ13   ಪ33   ಕ7
```

ಐದನೇ ಸಾಲಿನಲ್ಲಿ ತಪ್ಪಿದೆ: ಭ3 ಬದಲು ಭ1 ಎಂದು ಬಿದ್ದಿದೆ. ರೂ11ರಲ್ಲಿ ಪಾಠ ಮಾಡುತ್ತಿರುವವರೇ ರೂ13ರಲ್ಲೂ ಇದ್ದಾರೆ. ಆರೂ ಸಾಲಿಗೆ "ಕ7" ಎಂಬ ಒಂದೇ ಸಂಕೇತ ಇದ್ದಿದ್ದರೆ ಈ ತಪ್ಪು ಮುಚ್ಚಿಹೋಗುತ್ತಿತ್ತು, ಏಕೆಂದರೆ ಸಂಕೇತ ಒಂದೇ ಆದ್ದರಿಂದ ಹಾಳೆ ಇದನ್ನು ಉದ್ದೇಶಪೂರ್ವಕ ಎಂದು ಬಿಟ್ಟುಬಿಡುತ್ತದೆ.

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಸಿಕ್ಕು ಹಾಕಿಕೊಂಡಿವೆ. ಶಿಕ್ಷಕರ ಮಟ್ಟಿಗೆ, ಒಂದು ಕೊಠಡಿಯಲ್ಲಿ ಒಂದು ಗುಂಪಿನೆದುರು ನಡೆಯುವುದು ಒಂದು ಪಾಠ. ಅದರಲ್ಲಿ ಎರಡು ತರಗತಿಯ ಮಕ್ಕಳಿರಬಹುದು, ಆದರೆ ಪಾಠ ಒಂದೇ. ತರಗತಿಯ ಮಟ್ಟಿಗೆ, ಅದರ ಮಕ್ಕಳು ಹಂಚಿಹೋಗುವ ಪಾಠಗಳೆಲ್ಲ ಸೇರಿ ಒಂದು ಕಟ್ಟು. ಆದ್ದರಿಂದ ಎರಡು ಕಾಲಂ ಬೇಕು: Gಯಲ್ಲಿ ಪಾಠದ ಸಂಕೇತ, Hನಲ್ಲಿ ಕಟ್ಟಿನ ಸಂಕೇತ. ಶಿಕ್ಷಕರನ್ನೂ ಕೊಠಡಿಯನ್ನೂ ಪಾಠದ ಸಂಕೇತದಿಂದ ಪರೀಕ್ಷಿಸಬೇಕು, ತರಗತಿಯನ್ನು ಕಟ್ಟಿನ ಸಂಕೇತದಿಂದ.

```
ಶಿಕ್ಷಕರು:
=COUNTIFS(A:A,A2,B:B,B2,E:E,E2)
 -COUNTIFS(A:A,A2,B:B,B2,E:E,E2,G:G,G2)

ಕೊಠಡಿ:
=COUNTIFS(A:A,A2,B:B,B2,F:F,F2)
 -COUNTIFS(A:A,A2,B:B,B2,F:F,F2,G:G,G2)

ತರಗತಿ:
=COUNTIFS(A:A,A2,B:B,B2,C:C,C2)
 -COUNTIFS(A:A,A2,B:B,B2,C:C,C2,H:H,H2)
```

ಮೊದಲ ಎಣಿಕೆ, ಆ ಹೊತ್ತಿನಲ್ಲಿ ಅವರ ಹೆಸರಿರುವ ಒಟ್ಟು ಸಾಲುಗಳು. ಎರಡನೆಯದು, ಅವುಗಳಲ್ಲಿ ಇದೇ ಪಾಠಕ್ಕೆ ಸೇರಿದವು. ಕಳೆದಾಗ ಸೊನ್ನೆ ಉಳಿಯಬೇಕು. ಮೇಲಿನ ಪಟ್ಟಿಯಲ್ಲಿ ಭ1 ಹೆಸರು ಮೂರು ಸಾಲಿನಲ್ಲಿದೆ, ಅದರಲ್ಲಿ ಪ31ಕ್ಕೆ ಸೇರಿದ್ದು ಎರಡು. ಮೊದಲ ಎರಡು ಸಾಲಿನಲ್ಲಿ ಉಳಿಕೆ 1, ಐದನೇ ಸಾಲಿನಲ್ಲಿ ಉಳಿಕೆ 2. ಮೂರೂ ಕೆಂಪಾಗುತ್ತವೆ. 8ಎ ತರಗತಿಗೆ ಮೂರು ಸಾಲಿದ್ದರೂ ಮೂರೂ ಕ7 ಕಟ್ಟಿಗೆ ಸೇರಿರುವುದರಿಂದ ಉಳಿಕೆ ಸೊನ್ನೆ, ಅಲ್ಲಿ ಕೆಂಪಿಲ್ಲ. ನಮಗೆ ಬೇಕಾಗಿದ್ದೂ ಇದೇ.

ಸಾಮಾನ್ಯ ಪಾಠಗಳಿಗೆ ಈ ಸಂಕೇತಗಳನ್ನು ಕೈಯಿಂದ ತುಂಬಬೇಕಿಲ್ಲ. ತರಗತಿ, ವಿಷಯ, ಶಿಕ್ಷಕರ ಸಂಕೇತ ಮೂರನ್ನೂ ಜೋಡಿಸಿ (`=C2&"-"&D2&"-"&E2`) ಎರಡೂ ಕಾಲಂಗೆ ಹಾಕಿ, ಕೂಡಿ ನಡೆಯುವ ಅಥವಾ ಒಡೆದು ನಡೆಯುವ ಪಾಠಗಳಲ್ಲಿ ಮಾತ್ರ ಅದರ ಮೇಲೆ ಪ31, ಕ7 ಎಂದು ಬರೆದುಕೊಳ್ಳಿ. ಜೋಡಣೆಯಲ್ಲಿ ಶಿಕ್ಷಕರ ಸಂಕೇತ ಬಿಡಬೇಡಿ. ಬಿಟ್ಟರೆ, ಒಂದೇ ತರಗತಿಗೆ ಒಂದೇ ಹೊತ್ತಿಗೆ ಇಬ್ಬರು ಗಣಿತ ಶಿಕ್ಷಕರನ್ನು ತಪ್ಪಾಗಿ ಹಾಕಿದಾಗ ಎರಡೂ ಸಾಲಿಗೆ ಒಂದೇ ಕಟ್ಟು ಬಂದು ಹಾಳೆ ಕಣ್ಮುಚ್ಚಿಕೊಳ್ಳುತ್ತದೆ.

ಖಾಲಿ ಮನೆಗಳ ವರ್ತನೆಯನ್ನೂ ತಿಳಿದಿರಬೇಕು. ಪಾಠದ ಸಂಕೇತ ಖಾಲಿ ಇದ್ದರೆ ಎರಡನೇ ಎಣಿಕೆ ಸೊನ್ನೆಯಾಗಿ ಆ ಸಾಲು ಕಾರಣವಿಲ್ಲದೆ ಕೆಂಪಾಗುತ್ತದೆ. ಇದು ಪರವಾಗಿಲ್ಲ, ಕಣ್ಣಿಗೆ ಬೀಳುತ್ತದೆ. ಶಿಕ್ಷಕರ ಮನೆ ಖಾಲಿ ಇದ್ದರೆ ಮಾತ್ರ ಎರಡು ಎಣಿಕೆಯೂ ಸೊನ್ನೆ, ಹಾಳೆ ತುಟಿ ಪಿಟಕ್ಕೆನ್ನುವುದಿಲ್ಲ. ಖಾಲಿ E, ಖಾಲಿ F ಇರುವ ಸಾಲುಗಳಿಗೆ ಬೇರೆ ಬಣ್ಣ ಬರುವಂತೆ ಒಂದು ನಿಯಮ ಹಾಕಿಡುವುದು ಒಳ್ಳೆಯದು.

ಕೆಂಪು ಬಣ್ಣವೊಂದೇ ಸಾಲದು. ಯಾರೊಂದಿಗೆ ಕ್ಲ್ಯಾಶ್ ಎಂಬುದೂ ಅದೇ ಸಾಲಿನಲ್ಲಿ ಕಾಣಬೇಕು, ಇಲ್ಲವಾದರೆ 400 ಸಾಲಿನಲ್ಲಿ ಜೊತೆಗಾರನನ್ನು ಹುಡುಕುವುದೇ ಕೆಲಸವಾಗುತ್ತದೆ. FILTER ಇರುವ ಹೊಸ ಸ್ಪ್ರೆಡ್‌ಶೀಟ್‌ಗಳಲ್ಲಿ ಇಷ್ಟು ಸಾಕು:

```
=IFERROR(TEXTJOIN(", ",TRUE,FILTER($C$2:$C$600,
 ($A$2:$A$600=A2)*($B$2:$B$600=B2)*
 ($E$2:$E$600=E2)*($G$2:$G$600<>G2))),"")
```

ಗೋಡೆಗೆ ಅಂಟಿಸುವ ಚೌಕದ ಹಾಳೆಗಳನ್ನು ಈ ಪಟ್ಟಿಯಿಂದಲೇ ಸೂತ್ರದ ಮೂಲಕ ಹೊರಡಿಸಿ. ಆಗ VLOOKUP ಅಥವಾ INDEX-MATCH ಬಳಸಬೇಡಿ. ಅವು ಮೊದಲು ಸಿಕ್ಕ ಸಾಲನ್ನು ತಂದು ಅಲ್ಲಿಗೇ ನಿಲ್ಲುತ್ತವೆ, ಎರಡನೇ ತರಗತಿ ಶಿಕ್ಷಕರ ಹಾಳೆಯಲ್ಲಿ ಕಾಣುವುದೇ ಇಲ್ಲ. TEXTJOIN ಮತ್ತು FILTER ಜೋಡಿ ಸಿಕ್ಕಿದ್ದನ್ನೆಲ್ಲ ಬರೆಯುತ್ತದೆ, "8ಎ / 9ಬಿ" ಎಂದು ಒಂದೇ ಮನೆಯಲ್ಲಿ ಎರಡು ಹೆಸರು ಬಂದರೆ ಅದೇ ಎಚ್ಚರಿಕೆ.

ಪೀರಿಯಡ್ ನಂಬರ್ ಬೇರೆ, ಗಡಿಯಾರ ಬೇರೆ

ಇಡೀ ಶಾಲೆಗೆ ಒಂದೇ ಗಂಟೆ ಹೊಡೆಯುವವರೆಗೆ ಪೀರಿಯಡ್ ನಂಬರ್ ಸಾಕು. ಕಿರಿಯರಿಗೆ 35 ನಿಮಿಷ, ಹಿರಿಯರಿಗೆ 45 ನಿಮಿಷದ ಪೀರಿಯಡ್ ಇದ್ದು ಸಂಗೀತ, ಚಿತ್ರಕಲೆ, ಆಟದ ಶಿಕ್ಷಕರು ಎರಡೂ ಕಡೆ ಪಾಠ ಮಾಡುವುದಾದರೆ ನಂಬರ್ ಮೋಸ ಮಾಡುತ್ತದೆ. ಎರಡೂ ವಿಭಾಗ 9 ಗಂಟೆಗೆ ಶುರುವಾದರೆ ಕಿರಿಯರ ಮೂರನೇ ಪೀರಿಯಡ್ 10:10ರಿಂದ 10:45ರವರೆಗೆ, ಹಿರಿಯರ ಎರಡನೇ ಪೀರಿಯಡ್ 9:45ರಿಂದ 10:30ರವರೆಗೆ. ನಂಬರ್ ಬೇರೆ, ಆದರೂ 20 ನಿಮಿಷ ಒಂದರ ಮೇಲೊಂದು ಬಿದ್ದಿದೆ. ನಡುವೆ ವಿರಾಮ ಇಲ್ಲವೆಂದುಕೊಂಡರೆ ಎರಡೂ ಕಡೆಯ ಐದನೇ ಪೀರಿಯಡ್‌ಗಳು 11:20ಕ್ಕೂ 12:00ಕ್ಕೂ ಶುರುವಾಗುತ್ತವೆ. ನಂಬರ್ ಒಂದೇ, ಆದರೆ ಕಿರಿಯರದು 11:55ಕ್ಕೇ ಮುಗಿದಿರುತ್ತದೆ.

ಇಂಥಲ್ಲಿ ಶುರು ಮತ್ತು ಮುಕ್ತಾಯದ ಹೊತ್ತನ್ನು I, J ಕಾಲಂಗಳಲ್ಲಿ ಇಟ್ಟು, ಒಂದು ಪಾಠ ಇನ್ನೊಂದು ಮುಗಿಯುವ ಮೊದಲೇ ಶುರುವಾಗುತ್ತದೆಯೇ, ಆ ಇನ್ನೊಂದು ಇದು ಮುಗಿಯುವ ಮೊದಲೇ ಶುರುವಾಗುತ್ತದೆಯೇ ಎಂದು ಕೇಳಬೇಕು. ಎರಡಕ್ಕೂ ಹೌದು ಎಂದಾದರೆ ಮಾತ್ರ ಕ್ಲ್ಯಾಶ್.

```
=COUNTIFS(A:A,A2,E:E,E2,I:I,"<"&J2,J:J,">"&I2)
 -COUNTIFS(A:A,A2,E:E,E2,G:G,G2,I:I,"<"&J2,J:J,">"&I2)
```

ಹೊತ್ತನ್ನು ಗಡಿಯಾರದ ರೂಪದಲ್ಲಿ ಬರೆಯದೆ, ಮಧ್ಯರಾತ್ರಿಯಿಂದ ಕಳೆದ ನಿಮಿಷವಾಗಿ ಬರೆಯಿರಿ: 10:10 ಎಂದರೆ 610, 10:45 ಎಂದರೆ 645. ಸ್ಪ್ರೆಡ್‌ಶೀಟ್ ಗಡಿಯಾರದ ಹೊತ್ತನ್ನು ದಿನದ ಭಿನ್ನರಾಶಿಯಾಗಿ ಇಟ್ಟುಕೊಳ್ಳುತ್ತದೆ. ಒಂದು ಪಾಠ ಮುಗಿಯುವ ಕ್ಷಣಕ್ಕೇ ಇನ್ನೊಂದು ಶುರುವಾಗುವ ಕಡೆ, ದಶಾಂಶದ ತುದಿಯ ವ್ಯತ್ಯಾಸದಿಂದ ಇಲ್ಲದ ಕ್ಲ್ಯಾಶ್ ಕಾಣಿಸಬಹುದು. ಪೂರ್ಣಾಂಕದಲ್ಲಿ ಆ ರಗಳೆ ಇಲ್ಲ. ಕಟ್ಟಡದಿಂದ ಕಟ್ಟಡಕ್ಕೆ ನಡೆಯಲು ಐದು ನಿಮಿಷ ಬೇಕೆಂದರೆ ಮೊದಲ ಷರತ್ತಿನಲ್ಲಿ `"<"&J2+5`, ಎರಡನೆಯದರಲ್ಲಿ `">"&I2-5` ಎಂದು ಮಾಡಿದರೆ ಬೆನ್ನಿಗೆ ಬೆನ್ನು ಹತ್ತಿದ ಪಾಠಗಳೂ ಸಿಕ್ಕಿಬೀಳುತ್ತವೆ. ಆದರೆ ಪಕ್ಕಪಕ್ಕದ ಕೊಠಡಿಗಳಲ್ಲಿ ಸಾಲಾಗಿ ಪಾಠ ಇರುವವರೂ ಆಗ ಕೆಂಪಾಗುವುದರಿಂದ, ಈ ಸೂತ್ರವನ್ನು ಎರಡು ಕಟ್ಟಡ ಓಡಾಡುವ ನಾಲ್ಕೈದು ಜನರಿಗೆ ಮಾತ್ರ ಇಡಿ.

ಕ್ಲ್ಯಾಶ್ ಹುಟ್ಟುವ ಮೊದಲೇ ಮಾಡುವ ಲೆಕ್ಕ

ಕೆಲವು ಕ್ಲ್ಯಾಶ್‌ಗಳನ್ನು ಎಷ್ಟು ತಿರುಗಿಸಿದರೂ ಬಿಡಿಸಲಾಗುವುದಿಲ್ಲ, ಏಕೆಂದರೆ ಬೇಡಿಕೆಯೇ ಜಾಗಕ್ಕಿಂತ ಹೆಚ್ಚಿರುತ್ತದೆ. ಅದನ್ನು ಪಾಠ ಕೂರಿಸುವ ಮೊದಲೇ ಎಣಿಸಿ ನೋಡಬೇಕು. ಪ್ರತಿ ಶಿಕ್ಷಕರ ವಾರದ ಪೀರಿಯಡ್ ಮೊತ್ತ ಅವರು ಲಭ್ಯವಿರುವ ಪೀರಿಯಡ್‌ಗಳನ್ನು ಮೀರಬಾರದು ಎಂಬುದು ಸುಲಭದ ಭಾಗ. ಲ್ಯಾಬ್ ಮಾತ್ರ ಜನರನ್ನು ಯಾಮಾರಿಸುತ್ತದೆ.

ಒಂದೇ ವಿಜ್ಞಾನ ಲ್ಯಾಬ್, ಎಂಟು ಸೆಕ್ಷನ್, ಪ್ರತಿ ಸೆಕ್ಷನ್‌ಗೆ ವಾರಕ್ಕೆ ಎರಡು ಬಾರಿ ಎರಡೆರಡು ಪೀರಿಯಡ್‌ನ ಪ್ರಯೋಗ ಎಂದುಕೊಳ್ಳಿ. ಒಟ್ಟು 32 ಪೀರಿಯಡ್. ವಾರದಲ್ಲಿ ಇರುವುದು 40. ಎಂಟು ಮಿಗುತ್ತದೆ ಎಂದು ನೆಮ್ಮದಿಯಾಗಿ ಶುರು ಮಾಡುತ್ತಾರೆ. ಈಗ ದಿನದ ಆಕಾರ ನೋಡಿ: ಮೂರು ಪೀರಿಯಡ್, ಕಿರು ವಿರಾಮ, ಎರಡು ಪೀರಿಯಡ್, ಊಟ, ಮತ್ತೆ ಮೂರು ಪೀರಿಯಡ್. ಪ್ರಯೋಗದ ನಡುವೆ ವಿರಾಮ ಬರಕೂಡದು. ಹಾಗಾಗಿ ಮೊದಲ ಮೂರರಲ್ಲಿ ಒಂದು ಜೋಡಿ, ನಡುವಿನ ಎರಡರಲ್ಲಿ ಒಂದು, ಕೊನೆಯ ಮೂರರಲ್ಲಿ ಒಂದು. ದಿನಕ್ಕೆ ಮೂರು ಜೋಡಿ, ವಾರಕ್ಕೆ 15. ಬೇಕಾಗಿರುವುದು 16. ಒಂದು ಜೋಡಿಗೆ ಎಲ್ಲೂ ಜಾಗವಿಲ್ಲ, ಲ್ಯಾಬ್ ಹತ್ತು ಪೀರಿಯಡ್ ಖಾಲಿ ಬಿದ್ದಿದ್ದರೂ. ಕ್ಲ್ಯಾಶ್ ತೋರಿಸುವ ಹಾಳೆಗೆ ಇದು ಗೊತ್ತಾಗುವುದಿಲ್ಲ. ಹದಿನಾರನೆಯದನ್ನು ಎಲ್ಲಿಟ್ಟರೂ ಕೆಂಪು ಎಂದು ಅದು ಹೇಳುತ್ತಲೇ ಇರುತ್ತದೆ, ಮಧ್ಯಾಹ್ನವೆಲ್ಲ ಅದರ ಮುಂದೆ ಕಳೆದುಹೋಗುತ್ತದೆ. ಕಿರು ವಿರಾಮವನ್ನು ಎರಡನೇ ಪೀರಿಯಡ್ ಆದಮೇಲೆ ಇಟ್ಟು ಊಟವನ್ನು ನಾಲ್ಕರ ನಂತರ ತಂದರೆ ದಿನ ಎರಡು, ಎರಡು, ನಾಲ್ಕು ಎಂದು ಒಡೆಯುತ್ತದೆ. ಆಗ ದಿನಕ್ಕೆ ನಾಲ್ಕು ಜೋಡಿ, ವಾರಕ್ಕೆ 20.

ಕೆಂಪು ಕಂಡಮೇಲೆ: ಎರಡು ಪೀರಿಯಡ್‌ಗಳ ನಡುವಿನ ಸರಪಳಿ

ಈಗ ಮೊದಲು ಹೇಳಿದ ಕ್ಲ್ಯಾಶ್‌ಗೆ ಬರೋಣ. ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಗ1 ಅವರು 8ಎ ಮತ್ತು 9ಬಿ ಎರಡರಲ್ಲೂ ಇದ್ದಾರೆ. 9ಬಿಯ ಗಣಿತವನ್ನು ಎತ್ತಿ ಬೇರೆ ಕಡೆ ಇಡಬೇಕು, ಆದರೆ 9ಬಿಗೆ ಖಾಲಿ ಪೀರಿಯಡ್ ಇಲ್ಲ, ಆದ್ದರಿಂದ ಅದಲು ಬದಲು ಮಾಡಬೇಕು.

ಎಲ್ಲಿಗೆ ಎಂಬುದನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಗ1 ಯಾವಾಗ ಬಿಡುವಾಗಿದ್ದಾರೆ ಎಂದು. ಐದನೇ ಪೀರಿಯಡ್‌ನಲ್ಲಿ ಅವರು 10ಎಯಲ್ಲಿದ್ದಾರೆ, ಆಗದು. ಆರರಲ್ಲಿ ಬಿಡುವು. ಆಗ 9ಬಿಗೆ ಇರುವುದು ಇತಿಹಾಸ, ಶಿಕ್ಷಕರು ಇ1. ಗಣಿತವನ್ನು ಆರಕ್ಕೆ, ಇತಿಹಾಸವನ್ನು ಮೂರಕ್ಕೆ ಹಾಕಿದ ಕೂಡಲೇ ಹಳೆಯ ಕೆಂಪು ಹೋಗಿ ಹೊಸದೊಂದು ಬರುತ್ತದೆ: ಇ1 ಮೂರನೇ ಪೀರಿಯಡ್‌ನಲ್ಲಿ ಆಗಲೇ 8ಸಿಯಲ್ಲಿದ್ದಾರೆ. ಇಲ್ಲಿಗೆ ಬಹಳ ಜನ ಕೈಬಿಟ್ಟು ಹಿಂದಕ್ಕೆ ಹೋಗುತ್ತಾರೆ. ಹೋಗಬೇಕಿಲ್ಲ. ಇ1 ಅವರ ಆರನೇ ಪೀರಿಯಡ್ ಈಗತಾನೇ ಖಾಲಿಯಾಗಿದೆ, ಆದ್ದರಿಂದ 8ಸಿಯ ಇತಿಹಾಸವನ್ನು ಆರಕ್ಕೆ ತಳ್ಳಬಹುದು. ಆರರಲ್ಲಿ 8ಸಿಗಿದ್ದ ಚಿತ್ರಕಲೆ ಮೂರಕ್ಕೆ ಬರುತ್ತದೆ. ಚಿತ್ರಕಲೆಯ ಶಿಕ್ಷಕರು ಮೂರರಲ್ಲಿ ಬಿಡುವಾಗಿದ್ದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಅವರ ಮೂರನೇ ಪೀರಿಯಡ್‌ನ ತರಗತಿಗೂ ಇದೇ ಅದಲು ಬದಲು.

ಗಮನಿಸಿ, ಇಡೀ ಸರಪಳಿ ಮೂರು ಮತ್ತು ಆರು ಎಂಬ ಎರಡೇ ಪೀರಿಯಡ್‌ಗಳ ನಡುವೆ ಓಡಾಡುತ್ತದೆ. ಅದು ಎಂದೂ ಗ1 ಬಳಿಗೆ ಮರಳಿ ಬರುವುದಿಲ್ಲ. ಸರಪಳಿ ಪ್ರತಿ ಹೊಸ ಶಿಕ್ಷಕರನ್ನು ತಲುಪುವುದು ಅವರ ಆರನೇ ಪೀರಿಯಡ್‌ನ ಪಾಠದ ಮೂಲಕ, ಗ1ಗೆ ಆರರಲ್ಲಿ ಪಾಠವೇ ಇರಲಿಲ್ಲ. ಒಮ್ಮೆ ಮುಟ್ಟಿದ ತರಗತಿಗೂ ಅದು ಮತ್ತೆ ಬರುವುದಿಲ್ಲ. ಹಾಗಾಗಿ ಹತ್ತು ಸೆಕ್ಷನ್ ಇದ್ದರೆ ಹೆಚ್ಚೆಂದರೆ ಹತ್ತು ಅದಲು ಬದಲಿನಲ್ಲಿ ಅದು ಮುಗಿಯಲೇಬೇಕು. ಡೆನೆಸ್ ಕೋನಿಗ್ ಎಂಬ ಹಂಗೆರಿಯ ಗಣಿತಜ್ಞ 1916ರಲ್ಲಿ ಸಾಧಿಸಿದ ಪ್ರಮೇಯದ ಒಳಗಿನ ತಂತ್ರ ಇದೇ. ಅದರ ಪ್ರಕಾರ ಕೊಠಡಿಯ ಹಂಗಿಲ್ಲದೆ, ಎಲ್ಲ ಶಿಕ್ಷಕರೂ ಎಲ್ಲ ಹೊತ್ತೂ ಲಭ್ಯವಿದ್ದು, ಯಾವ ತರಗತಿಯ ಅಥವಾ ಶಿಕ್ಷಕರ ಪಾಠಗಳೂ ವಾರದ ಪೀರಿಯಡ್‌ಗಳನ್ನು ಮೀರದಿದ್ದರೆ ಕ್ಲ್ಯಾಶ್ ಇಲ್ಲದ ಟೈಮ್‌ಟೇಬಲ್ ಖಂಡಿತ ಇದೆ.

ಷರತ್ತುಗಳು ಎಷ್ಟು ಬಿಗಿ ಎಂಬುದೂ ಅಲ್ಲೇ ಕಾಣುತ್ತದೆ. ಸರಪಳಿ ಭಾಷೆಯ ಕಟ್ಟಿಗೆ ಬಡಿದರೆ ಒಂದರ ಬದಲು ಎರಡು ತರಗತಿ, ಮೂರು ಶಿಕ್ಷಕರನ್ನು ಒಟ್ಟಿಗೆ ಸರಿಸಬೇಕು. ಲ್ಯಾಬ್‌ನ ಜೋಡಿ ಪೀರಿಯಡ್‌ಗೆ ಬಡಿದರೆ ಅದರ ಅರ್ಧವನ್ನಷ್ಟೇ ಎತ್ತಲಾಗದು. ಮಧ್ಯಾಹ್ನ ಮಾತ್ರ ಬರುವ ಶಿಕ್ಷಕರು ಸಿಕ್ಕರೆ ಅವರ ಪಾಠವನ್ನು ಮೂರನೇ ಪೀರಿಯಡ್‌ಗೆ ತರಲು ಬರುವುದೇ ಇಲ್ಲ. ಶಿಕ್ಷಕರು ಕೆಲವು ಹೊತ್ತು ಮಾತ್ರ ಲಭ್ಯ ಎಂಬ ಒಂದೇ ಷರತ್ತು ಸೇರಿದರೂ ಈ ಸಮಸ್ಯೆ ಎನ್‌ಪಿ-ಕಂಪ್ಲೀಟ್ ಆಗುತ್ತದೆ, ಅಂದರೆ ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಯಾರಿಗೂ ಸಿಕ್ಕಿಲ್ಲದ ಸಮಸ್ಯೆಗಳ ಸಾಲಿಗೆ ಸೇರುತ್ತದೆ ಎಂದು 1976ರಲ್ಲಿ ಈವನ್, ಇತಾಯ್, ಶಮೀರ್ ತೋರಿಸಿದರು. ಕೆಲಸಕ್ಕೆ ಬರುವ ಕ್ರಮ ಇದರಿಂದಲೇ ಹೊರಡುತ್ತದೆ: ಅರೆಕಾಲಿಕ ಶಿಕ್ಷಕರು, ಕಟ್ಟುಗಳು, ಲ್ಯಾಬ್ ಜೋಡಿಗಳನ್ನು ಮೊದಲು ಕೂರಿಸಿ ಬೀಗ ಹಾಕಿ, ಸಾಮಾನ್ಯ ಪಾಠಗಳನ್ನು ಕೊನೆಗೆ ಇಡಿ. ಆಗ ಉಳಿದ ಕ್ಲ್ಯಾಶ್‌ಗಳ ಸರಪಳಿ ಹೆಚ್ಚಾಗಿ ಸಾಮಾನ್ಯ ಪಾಠಗಳಲ್ಲೇ ಓಡಿ ಮುಗಿಯುತ್ತದೆ.

ಸಾಫ್ಟ್‌ವೇರ್ ಬರೆಯುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಕ್ಲ್ಯಾಶ್ ಆಗುವ ಸಾಲನ್ನು ಸೇರಿಸಲೇ ಬಿಡದಂತೆ ಡೇಟಾಬೇಸ್‌ನಲ್ಲಿ UNIQUE ನಿರ್ಬಂಧ ಹಾಕುವ ಆಸೆ ಸಹಜ. ಹಾಕಿದರೆ ಮೇಲಿನ ಸರಪಳಿಯ ಮೊದಲ ಹೆಜ್ಜೆಯೇ ನಿಂತುಹೋಗುತ್ತದೆ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ಒಂದು ಕ್ಲ್ಯಾಶ್ ಇದ್ದೇ ಇರುತ್ತದೆ. ಬದಲಾಯಿಸುವಾಗ ತೋರಿಸಬೇಕು, ತಡೆಯುವುದು ಪ್ರಕಟಿಸುವಾಗ ಮಾತ್ರ.

ಕೆಂಪಿಲ್ಲ ಎಂದರೆ ಸರಿಯಿದೆ ಎಂದಲ್ಲ

ಹಾಳೆಯಿಂದ ಕೆಂಪನ್ನು ಓಡಿಸಲು ಎಲ್ಲಕ್ಕಿಂತ ಸುಲಭದ ದಾರಿ ಸಾಲನ್ನೇ ಅಳಿಸುವುದು. ಯಾರೂ ಬೇಕೆಂದು ಹಾಗೆ ಮಾಡುವುದಿಲ್ಲ, ಆದರೆ ಹತ್ತಾರು ಅದಲು ಬದಲಿನ ನಡುವೆ "ಇದನ್ನು ಆಮೇಲೆ ಇಡೋಣ" ಎಂದು ಎತ್ತಿಟ್ಟ ಪಾಠ ಅಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಇನ್ನೊಂದು ಹಾಳೆಯಲ್ಲಿ ಯಾವ ತರಗತಿಗೆ ಯಾವ ವಿಷಯ ವಾರಕ್ಕೆ ಎಷ್ಟು ಪೀರಿಯಡ್ ಎಂಬ ಬೇಡಿಕೆ ಪಟ್ಟಿ ಇರಬೇಕು. ಅದರ ಪಕ್ಕ `COUNTIFS` ಮೂಲಕ ಕೂರಿಸಿದ್ದೆಷ್ಟು ಎಂದು ಎಣಿಸಿ, ವ್ಯತ್ಯಾಸ ತೋರಿಸಬೇಕು. ಗಣಿತ 6 ಬೇಕು, 5 ಇದೆ ಎಂದರೆ ಒಂದು ಎಲ್ಲೋ ಬಿದ್ದುಹೋಗಿದೆ. 7 ಇದ್ದರೆ ಕಾಪಿ ಮಾಡುವಾಗ ಒಂದು ಸಾಲು ಎರಡು ಸಲ ಅಂಟಿರಬಹುದು. ಹಾಗೆ ಅಂಟಿದ ಸಾಲಿನ ಎರಡೂ ಸಂಕೇತಗಳು ಮೂಲದವೇ ಆಗಿರುವುದರಿಂದ ಕ್ಲ್ಯಾಶ್ ಸೂತ್ರಗಳು ಅದನ್ನು ಹಿಡಿಯುವುದಿಲ್ಲ, ಈ ಎಣಿಕೆಯೇ ಹಿಡಿಯಬೇಕು. ಒಂದೇ ಪಾಠಕ್ಕೆ ಇಬ್ಬರು ಶಿಕ್ಷಕರು ಒಟ್ಟಿಗೆ ನಿಲ್ಲುವ ಕಡೆ ಮಾತ್ರ ಎರಡು ಸಾಲು ನ್ಯಾಯವಾಗಿಯೇ ಇರುತ್ತವೆ, ಅಲ್ಲಿ ಎಣಿಕೆ ಒಂದು ಹೆಚ್ಚು ಬರುವುದನ್ನು ಬೇಡಿಕೆ ಪಟ್ಟಿಯಲ್ಲೇ ಗುರುತು ಹಾಕಿಕೊಳ್ಳಿ.

ಯಾರಾದರೂ ರಜೆ ಹಾಕಿದ ದಿನ ಬದಲಿ ಶಿಕ್ಷಕರನ್ನು ಹಾಕುವುದಕ್ಕೂ ಇದೇ ಪಟ್ಟಿ ಸಾಕು, ಆದರೆ ಮೂಲ ಪಟ್ಟಿಯನ್ನು ಮುಟ್ಟಬಾರದು. ಆ ದಿನದ ಸಾಲುಗಳನ್ನು ಮಾತ್ರ ಪ್ರತ್ಯೇಕ ಹಾಳೆಗೆ ನಕಲು ಮಾಡಿ, ರಜೆಯಲ್ಲಿರುವವರ ಸಂಕೇತವಿದ್ದ ಕಡೆ ಬದಲಿಯವರ ಸಂಕೇತ ಹಾಕಿದರೆ ಅದೇ ಸೂತ್ರಗಳು ಅಲ್ಲೂ ಕೆಲಸ ಮಾಡುತ್ತವೆ. ನಕಲು ಮಾಡುವಾಗ G ಮತ್ತು H ಕಾಲಂಗಳನ್ನು ಸೂತ್ರವಾಗಿ ತರದೆ ಮೌಲ್ಯವಾಗಿ ಅಂಟಿಸಿ. ಸೂತ್ರವಾಗಿ ತಂದರೆ ಶಿಕ್ಷಕರ ಸಂಕೇತ ಬದಲಾದ ಕೂಡಲೇ ಪಾಠದ ಸಂಕೇತವೂ ಬದಲಾಗುತ್ತದೆ, ಮೂಲ ಪಟ್ಟಿಯ ಯಾವ ಪಾಠಕ್ಕೆ ಯಾರು ಹೋದರು ಎಂಬ ಎಳೆ ತಪ್ಪಿಹೋಗುತ್ತದೆ.